ವೃದ್ಧ ಮಧುಮೇಹಿಗಳಿಗೆ ಬರುವ ಮಂಪರು: ಅದರ ಕಾರಣಗಳೂ ಗುರುತುಗಳೂ

ಮನೆಯಲ್ಲಿರುವ ಹಿರಿಯರು ಜ್ವರ ಬಂದ ಮೇಲೆ ಹೆಚ್ಚಾಗಿ ನಿದ್ರೆಮಾಡುತ್ತಿದ್ದರೆ ನಾವು ಅದನ್ನು ದೊಡ್ಡ ಸಂಗತಿಯೆಂದು ಎಣಿಸುವದಿಲ್ಲ. "ವಯಸ್ಸಾಯಿತು, ಬಳಲಿದ್ದಾರೆ, ಮಲಗಿಕೊಳ್ಳಲಿ" ಎಂದು ಹೇಳಿ ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೊರಗೆ ಬರುತ್ತೇವೆ. ಆದರೆ ಆ ಹಿರಿಯರಿಗೆ ಸಕ್ಕರೆ ಕಾಯಿಲೆ ಇರುವದಾದರೆ, ಆ ನಿದ್ರೆಯು ನಿದ್ರೆಯಲ್ಲದೆ, ರಕ್ತದಲ್ಲಿ ಸಕ್ಕರೆ ಮಿತಿಮೀರಿ ಹೆಚ್ಚಿ, ದೇಹದ ನೀರು ಬತ್ತಿಹೋಗಿ, ಮೆದುಳು ಮಂಕಾಗುತ್ತಿರುವ ಸ್ಥಿತಿಯಾಗಿರಬಹುದು. ವೈದ್ಯರು ಇದಕ್ಕೆ ಹೈಪರಾಸ್ಮೋಲಾರ್ ಹೈಪರ್‌ಗ್ಲೈಸೀಮಿಕ್ ಸ್ಥಿತಿ ಎಂದು ಹೆಸರಿಟ್ಟಿದ್ದಾರೆ. ಹೆಸರು ಉದ್ದವಾದರೂ ಅರ್ಥವು ಸುಲಭ: ಸಕ್ಕರೆ ಹೆಚ್ಚಿ ರಕ್ತವು ಅತಿ ಸಾಂದ್ರವಾಗಿರುವ ಸ್ಥಿತಿ. ಈ ಪಾಠದಲ್ಲಿ ನಾವು ಅದನ್ನು ಮಂಪರು ಎಂದು ಕರೆಯೋಣ. ಇದಕ್ಕೆ ಗುರಿಯಾದ ನೂರು ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಆಸ್ಪತ್ರೆಗೆ ಸೇರಿದರೂ ಸಾಯಬಹುದು. ಆದರೆ ಇದು ಒಂದು ಗಳಿಗೆಯಲ್ಲಿ ಬರುವದಲ್ಲ. ಹಲವು ದಿನಗಳಲ್ಲಿ ಮೆಲ್ಲಮೆಲ್ಲಗೆ ಬರುವದು. ಆದಕಾರಣ ಗುರುತನ್ನು ತಿಳಿದವರಿಗೆ ಎಚ್ಚರಗೊಳ್ಳುವದಕ್ಕೆ ಸಮಯವುಂಟು.

ಒಂದು ದೃಷ್ಟಾಂತ

ತಿಳುವಳಿಕೆಗಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ 74 ವರುಷದ ಒಬ್ಬ ಹಿರಿಯನು ಮಗ ಸೊಸೆಯರೊಂದಿಗೆ ಇದ್ದಾನೆ. ಅವನ ತೂಕ 55 ಕಿಲೋ. ಹದಿನಾಲ್ಕು ವರುಷಗಳಿಂದ ಅವನಿಗೆ ಸಕ್ಕರೆ ಕಾಯಿಲೆ ಇದೆ. ಅದಕ್ಕೆ ಮಾತ್ರೆ ನುಂಗುತ್ತಾನೆ. ರಕ್ತದೊತ್ತಡಕ್ಕೂ ಒಂದು ಮಾತ್ರೆ ಉಂಟು. ಅದು ಮೂತ್ರವನ್ನು ಹೆಚ್ಚಿಸುವ ಜಾತಿಯದು.

ಏಪ್ರಿಲ್ ತಿಂಗಳ ಒಂದು ಸೋಮವಾರ ಅವನಿಗೆ ಮೂತ್ರಮಾಡುವಾಗ ಉರಿಯೂ ಸಂಜೆಗೆ ಸ್ವಲ್ಪ ಜ್ವರವೂ ಬಂತು. ಬೇಸಿಗೆಯ ಉಷ್ಣವೆಂದು ಮನೆಯವರು ನೆನಸಿದರು. ಮಂಗಳವಾರ ಅವನಿಗೆ ಊಟ ಸೇರಲಿಲ್ಲ. ಊಟವಿಲ್ಲದೆ ಸಕ್ಕರೆಯ ಮಾತ್ರೆ ಕೊಟ್ಟರೆ ತಲೆ ತಿರುಗೀತೆಂದು ಹೆದರಿ ಮಗನು ಅದನ್ನು ನಿಲ್ಲಿಸಿದನು; ಒತ್ತಡದ ಮಾತ್ರೆಯನ್ನು ಮಾತ್ರ ಕೊಡುತ್ತಾ ಬಂದನು. ಶಕ್ತಿ ಬರಲೆಂದು ಸೊಸೆಯು ದಿನಕ್ಕೆ ಮೂರು ನಾಲ್ಕು ಸಾರಿ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದಳು. ಬುಧವಾರವೂ ಗುರುವಾರವೂ ಹಿರಿಯನು ರಾತ್ರಿಯಲ್ಲಿ ಏಳೆಂಟು ಸಾರಿ ಮೂತ್ರಕ್ಕೆ ಎದ್ದನು. ಕತ್ತಲಲ್ಲಿ ಬಿದ್ದೇನೆಂಬ ಭಯದಿಂದಲೂ ಮನೆಯವರ ನಿದ್ರೆ ಕೆಡಿಸಬಾರದೆಂಬ ಸಂಕೋಚದಿಂದಲೂ ಅವನು ನೀರು ಕುಡಿಯುವದನ್ನೇ ಕಡಿಮೆಮಾಡಿದನು.

ಶುಕ್ರವಾರ ಅವನು ಹಗಲೆಲ್ಲಾ ಮಲಗಿದ್ದನು. "ಮಾವಾ, ಏಳಿ, ಸ್ವಲ್ಪ ಗಂಜಿ ಕುಡಿಯಿರಿ" ಎಂದು ಸೊಸೆ ಕರೆದರೆ, "ಆಮೇಲೆ ನೋಡೋಣ ತಾಯಿ" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದನು. ಶನಿವಾರ ಅವನ ನಾಲಿಗೆ ಒಣಗಿ ಬಿರಿದಿತ್ತು. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದನು. ಅಂದು ಮೂತ್ರವು ಕಡಿಮೆಯಾಯಿತು. ಮನೆಯವರು "ರೋಗ ಇಳಿಯುತ್ತಿದೆ" ಎಂದು ಸಮಾಧಾನಪಟ್ಟರು. ಭಾನುವಾರ ಬೆಳಿಗ್ಗೆ ಅವನು ಎಷ್ಟು ಅಲುಗಾಡಿಸಿದರೂ ಪೂರಾ ಎಚ್ಚರಗೊಳ್ಳಲಿಲ್ಲ. ಎಡಗೈ ಸೋತಂತೆ ಬಿದ್ದಿತ್ತು. ಆಗ ನೆರೆಮನೆಯವನು ತನ್ನ ಗ್ಲೂಕೋಮೀಟರನ್ನು ತಂದು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದನು. ಯಂತ್ರದಲ್ಲಿ ಅಂಕೆ ಬರಲಿಲ್ಲ. HI ಎಂಬ ಎರಡು ಅಕ್ಷರಗಳು ಬಂದವು. ಯಂತ್ರ ಕೆಟ್ಟಿದೆಯೆಂದು ಮಗನು ಹೇಳಿದನು. ನೆರೆಯವನು, "ಇಲ್ಲಪ್ಪಾ, ಅಳತೆಗೆ ಸಿಕ್ಕದಷ್ಟು ಸಕ್ಕರೆ ಇದೆ ಎಂಬದು ಇದರ ಅರ್ಥ" ಎಂದು ಹೇಳಿ 108ಕ್ಕೆ ಕರೆಮಾಡಿದನು.

ಈ ಏಳು ದಿನಗಳಲ್ಲಿ ದೇಹದೊಳಗೆ ಏನು ನಡೆಯಿತು? ಅದನ್ನು ಕ್ರಮವಾಗಿ ನೋಡೋಣ.

ಕೆರೆಯ ಕೋಡಿಯೂ ಉಪ್ಪು ಹಾಕಿದ ಮಿಡಿಯೂ

ಆರೋಗ್ಯವಂತನ ರಕ್ತದಲ್ಲಿರುವ ಸಕ್ಕರೆಯನ್ನೆಲ್ಲಾ ಒಟ್ಟುಗೂಡಿಸಿದರೆ ಒಂದು ಸಣ್ಣ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಆಗುವದು. ಅಳತೆಯ ಭಾಷೆಯಲ್ಲಿ ಇದು 100 ಮಿಲಿಲೀಟರ್ ರಕ್ತಕ್ಕೆ ಸುಮಾರು 100 ಮಿಲಿಗ್ರಾಂ. ಈ ಸಕ್ಕರೆಯನ್ನು ಮಾಂಸಖಂಡಗಳೊಳಗೆ ಸೇರಿಸುವ ರಸಕ್ಕೆ ಇನ್ಸುಲಿನ್ ಎಂದು ಹೆಸರು. ಎರಡನೆಯ ವಿಧದ ಮಧುಮೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಸಾಲದು. ಜ್ವರವೋ ಸೋಂಕೋ ಬಂದಾಗ ದೇಹವು ತನ್ನ ರಕ್ಷಣೆಗಾಗಿ ಬೇರೆ ರಸಗಳನ್ನು ಹೊರಡಿಸುತ್ತದೆ. ಅವು ಇನ್ಸುಲಿನಿನ ಕೆಲಸಕ್ಕೆ ಅಡ್ಡಬರುವವಲ್ಲದೆ ಯಕೃತ್ತಿನಿಂದ ಹೊಸ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಆದದರಿಂದ ಊಟಮಾಡದಿದ್ದರೂ ರೋಗಿಯ ಸಕ್ಕರೆ ಏರುವದು. "ಏನೂ ತಿನ್ನಲಿಲ್ಲ, ಸಕ್ಕರೆ ಹೇಗೆ ಏರೀತು?" ಎಂಬ ಮಾತು ತಪ್ಪಾದದ್ದು, ಆ ಮಗನು ಮಾತ್ರೆಯನ್ನು ನಿಲ್ಲಿಸಿದ್ದು ಈ ತಪ್ಪು ತಿಳುವಳಿಕೆಯಿಂದಲೇ.

ರಕ್ತದ ಸಕ್ಕರೆಯು ಸುಮಾರು 180ನ್ನು ಮೀರಿದಾಗ, ಕೆರೆ ತುಂಬಿ ಕೋಡಿ ಬೀಳುವಂತೆ, ಮೂತ್ರಪಿಂಡಗಳು ಹಿಡಿದಿಡಲಾರದೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಕ್ಕೆ ಬಿಡುತ್ತವೆ. ಆದರೆ ಸಕ್ಕರೆಯು ಒಂಟಿಯಾಗಿ ಹೋಗುವದಿಲ್ಲ. ತನ್ನೊಂದಿಗೆ ನೀರನ್ನೂ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿಯಲ್ಲಿ ಏಳೆಂಟು ಸಾರಿ ಏಳುವದಕ್ಕೆ ಇದೇ ಕಾರಣ. ಹೋದ ನೀರನ್ನು ಕುಡಿದು ತುಂಬಿಸಿದರೆ ಕೆಲವು ದಿನ ಸಮನಾಗಿ ನಡೆದೀತು. ಆದರೆ ವೃದ್ಧಾಪ್ಯದಲ್ಲಿ ಬಾಯಾರಿಕೆಯ ಅರಿವೇ ಕುಗ್ಗಿರುತ್ತದೆ. ದೇಹಕ್ಕೆ ನೀರು ಬೇಕಾದರೂ ನಾಲಿಗೆ ಕೇಳುವದಿಲ್ಲ. ಹಾಸಿಗೆ ಹಿಡಿದವರೂ ಮರೆವಿನವರೂ ಬೇಕಾದಾಗ ಎದ್ದು ಕುಡಿಯಲಾರರು. ಹೀಗಿರಲಾಗಿ ಹೋಗುವ ನೀರು ಹೆಚ್ಚು, ಬರುವ ನೀರು ಕಡಿಮೆ.

ಇನ್ನು ಎಲ್ಲರೂ ಗಮನಿಸತಕ್ಕ ಸಂಗತಿ ಒಂದುಂಟು. ನೀರು ಬಹಳವಾಗಿ ಬತ್ತಿದ ಮೇಲೆ ಮೂತ್ರಪಿಂಡಗಳಿಗೆ ಬರುವ ರಕ್ತವೇ ಕಡಿಮೆಯಾಗಿ ಮೂತ್ರವು ಇಳಿಯುತ್ತದೆ. ಆಗ ಸಕ್ಕರೆಗೆ ಇದ್ದ ಒಂದೇ ಕೋಡಿಯೂ ಮುಚ್ಚಿಹೋಗುವದು. ಅಲ್ಲಿಂದ ಮುಂದೆ ಸಕ್ಕರೆಯು ಬಹು ಬೇಗನೆ ಏರುವದು. ದೃಷ್ಟಾಂತದ ಮನೆಯವರು ಶನಿವಾರ ಸಮಾಧಾನಪಟ್ಟದ್ದು ಈ ಘಟ್ಟದಲ್ಲಿಯೇ. ಹಲವು ದಿನ ಹೆಚ್ಚಾಗಿ ಹೋಗುತ್ತಿದ್ದ ಮೂತ್ರವು ಕಡಿಮೆಯಾಗಿ, ರೋಗಿಯು ಮಂಕಾಗುತ್ತಾ ಬಂದರೆ ಅದು ಗುಣದ ಗುರುತಲ್ಲ, ಕೇಡಿನ ಗುರುತು.

ಮೆದುಳಿಗೆ ಏನಾಗುವದೆಂಬದನ್ನು ನಮ್ಮ ಮಲೆನಾಡಿನ ಅಡಿಗೆಮನೆಯಲ್ಲಿಯೇ ಕಾಣಬಹುದು. ಮಾವಿನ ಮಿಡಿಗಳಿಗೆ ಉಪ್ಪು ಬೆರಸಿ ಭರಣಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಮಿಡಿಗಳು ಸುಕ್ಕುಗಟ್ಟಿ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಯಾರೂ ಹೊಯ್ಯಲಿಲ್ಲ. ಹೊರಗಿನ ಉಪ್ಪು ಅದನ್ನು ಮಿಡಿಯೊಳಗಿಂದ ಎಳೆಯಿತು. ಹಾಗೆಯೇ ಸಕ್ಕರೆಯಿಂದಲೂ ಉಪ್ಪಿನಿಂದಲೂ ಸಾಂದ್ರವಾದ ರಕ್ತವು ಮೆದುಳಿನ ಕಣಗಳೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಮೊದಲು ಮಂಕು, ಆಮೇಲೆ ಗಲಿಬಿಲಿ, ಕಡೆಗೆ ಪ್ರಜ್ಞೆ ತಪ್ಪುವದು ಇದರಿಂದಲೇ. ಕೆಲವರಲ್ಲಿ ಒಂದು ಕೈ ಸೋಲುವದು, ಮಾತು ತೊದಲುವದು, ಇಲ್ಲವೆ ಫಿಟ್ಸ್ ಬರುವದು ಉಂಟು.

ಇದು ಯಾಕೆ ಸದ್ದಿಲ್ಲದೆ ಬರುವದು

ಮಧುಮೇಹದಲ್ಲಿ ಮತ್ತೊಂದು ವಿಧದ ಪ್ರಜ್ಞಾಹೀನತೆಯೂ ಉಂಟು. ಇನ್ಸುಲಿನ್ ತೀರಾ ಇಲ್ಲವಾದಾಗ ದೇಹವು ಕೊಬ್ಬನ್ನು ಉರಿಸಿ ಕೀಟೋನ್ ಎಂಬ ಆಮ್ಲಗಳನ್ನು ಹುಟ್ಟಿಸುವದು. ಆಗ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಇವು ಕಾಣುವವು. ಅಂಥ ರೋಗಿಯು ಒಂದೆರಡು ದಿನಗಳಲ್ಲಿಯೇ ಆಸ್ಪತ್ರೆಗೆ ಬರುವನು, ಯಾಕಂದರೆ ಅವನ ಸಂಕಟವು ಕಣ್ಣಿಗೆ ಬೀಳುವದು. ನಮ್ಮ ಹಿರಿಯನಲ್ಲಿ ಉಳಿದಿರುವ ಸ್ವಲ್ಪ ಇನ್ಸುಲಿನ್ ಕೊಬ್ಬು ಉರಿಯುವದನ್ನು ತಡೆಯುವದಕ್ಕೆ ಸಾಕು, ಸಕ್ಕರೆಯನ್ನು ತಡೆಯುವದಕ್ಕೆ ಸಾಲದು. ಆದಕಾರಣ ಅವನಿಗೆ ಆ ವಾಸನೆಯೂ ಇಲ್ಲ, ಏದುಸಿರೂ ಇಲ್ಲ. ಅವನು ಸುಮ್ಮನೆ ಒಣಗುತ್ತಾ ಸುಮ್ಮನೆ ಮಲಗುವನು. ಮ್ಯಾಂಚೆಸ್ಟರಿನ ವೈದ್ಯನಾದ ಡ್ರೆಶ್‌ಫೆಲ್ಡ್ ಎಂಬವನು 1886ರಲ್ಲಿಯೇ ಮಧುಮೇಹದ ಪ್ರಜ್ಞಾಹೀನತೆಯಲ್ಲಿ ಭೇದಗಳಿವೆಯೆಂದು ಉಪನ್ಯಾಸಮಾಡಿದ್ದನು. ಆದರೆ ಬಹುಕಾಲ ಆ ಮಾತಿಗೆ ಹೆಚ್ಚು ಗಮನ ಸಿಕ್ಕಲಿಲ್ಲ. 1957ರಲ್ಲಿ ಸಾಮೆಂಟ್ ಮತ್ತು ಶ್ವಾರ್ಟ್ಸ್ ಎಂಬವರು ಕೀಟೋನ್ ಇಲ್ಲದ ಈ ಮಂಪರನ್ನು ದಕ್ಷಿಣ ಆಫ್ರಿಕದ ವೈದ್ಯಪತ್ರಿಕೆಯಲ್ಲಿ ವಿವರಿಸಿದ ತರುವಾಯ ವೈದ್ಯರು ಇದನ್ನು ಪ್ರತ್ಯೇಕವಾಗಿ ಗುರುತಿಸತೊಡಗಿದರು.

ಇದನ್ನು ಎಬ್ಬಿಸುವ ಕಾರಣಗಳು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣವು ಸೋಂಕು: ಶ್ವಾಸಕೋಶದ ಸೋಂಕು, ಮೂತ್ರದ ಸೋಂಕು, ಕಾಲಿನ ಹುಣ್ಣು. ಎರಡನೆಯದು, ಮಾತ್ರೆಯನ್ನೋ ಇನ್ಸುಲಿನನ್ನೋ ಬಿಟ್ಟುಬಿಡುವದು. ಮೂರನೆಯದು, ಬೇರೆ ರೋಗಕ್ಕೆ ತಕ್ಕೊಳ್ಳುವ ಮದ್ದು: ಉಬ್ಬಸಕ್ಕೂ ಕೀಲುನೋವಿಗೂ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ಸಕ್ಕರೆಯನ್ನು ಏರಿಸುತ್ತವೆ; ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರನ್ನು ಕಳೆಯುತ್ತವೆ. ಕೆಲವು ಸಾರಿ ಹೃದಯಾಘಾತ ಅಥವಾ ಪಾರ್ಶ್ವವಾಯು ಮೊದಲು ಬಂದು, ಅದರ ಹಿಂದೆಯೇ ಇದೂ ಬರುತ್ತದೆ. ಬಾಯಾರಿಕೆಗೆ ಪಾನಕ, ಸಿಹಿ ಶರಬತ್ತು, ಗ್ಲೂಕೋಸ್ ನೀರು ಕುಡಿಸುವದು ಉರಿಯುವ ಒಲೆಗೆ ಸೌದೆ ಹಾಕಿದಂತೆ. ಮತ್ತು ತನಗೆ ಸಕ್ಕರೆ ಕಾಯಿಲೆ ಇದೆಯೆಂಬದನ್ನು ಎಂದೂ ಅರಿಯದ ವೃದ್ಧರಲ್ಲಿ ಈ ಮಂಪರೇ ಆ ಕಾಯಿಲೆಯ ಮೊದಲನೆಯ ಗುರುತಾಗಿ ಕಾಣುವದೂ ಉಂಟು.

ಗುರುತಿಸುವ ಬಗೆ

ಮನೆಯವರು ನಾಲ್ಕು ಸಂಗತಿಗಳನ್ನು ನೋಡತಕ್ಕದ್ದು. ಮೊದಲನೆಯದು ಕಾಲ: ಮಂಕು ಹಲವು ದಿನಗಳಿಂದ ಹೆಚ್ಚುತ್ತಾ ಬಂದಿದೆಯೋ? ಎರಡನೆಯದು ಮೂತ್ರ: ಮೊದಲು ಬಹಳವಾಗಿ ಹೋಗಿ ಆಮೇಲೆ ಕಡಿಮೆಯಾಯಿತೋ? ಮೂರನೆಯದು ಒಣಗುವಿಕೆ: ನಾಲಿಗೆಯೂ ಕಂಕುಳೂ ಒಣಗಿವೆಯೋ, ಕಣ್ಣು ಗುಳಿಬಿದ್ದಿವೆಯೋ? ಮುದುಕರ ಚರ್ಮವು ಸಹಜವಾಗಿಯೇ ಸಡಿಲವಾದದರಿಂದ ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆಯನ್ನು ನಂಬಬಾರದು. ನಾಲ್ಕನೆಯದು ಬುದ್ಧಿ: ದಿನವೇನು, ಎದುರಿಗೆ ನಿಂತವರು ಯಾರು ಎಂದು ಕೇಳಿದರೆ ಸರಿಯಾದ ಉತ್ತರ ಬರುವದೋ? ಕರೆದರೆ ಎಚ್ಚರಗೊಂಡು ಎಚ್ಚರವಾಗಿಯೇ ಇರುವರೋ, ಇಲ್ಲವೆ ಮಾತಿನ ನಡುವೆಯೇ ಮತ್ತೆ ಕಣ್ಣುಮುಚ್ಚುವರೋ? ಜ್ವರವಿಲ್ಲವೆಂಬದರಿಂದ ಸೋಂಕಿಲ್ಲವೆಂದು ತೀರ್ಮಾನಿಸಬಾರದು. ವೃದ್ಧರಲ್ಲಿ ಕೆಲವು ಸಾರಿ ಮೈ ಬಿಸಿಯಾಗುವದೇ ಇಲ್ಲ.

ಈ ಗುರುತುಗಳು ಸಂಶಯವನ್ನು ಹುಟ್ಟಿಸುತ್ತವೆ; ನಿರ್ಣಯಿಸುವದು ಒಂದು ಹನಿ ರಕ್ತ. ಗ್ಲೂಕೋಮೀಟರುಗಳಲ್ಲಿ ಹೆಚ್ಚಿನವು 600 ರವರೆಗೆ ಅಂಕೆಯನ್ನು ತೋರಿಸಿ ಅದಕ್ಕೆ ಮೇಲ್ಪಟ್ಟದ್ದಕ್ಕೆ HI ಎಂದು ತೋರಿಸುತ್ತವೆ. ಕೆಲವು 500ಕ್ಕೇ ಹಾಗೆ ತೋರಿಸುತ್ತವೆ. ತೀರಾ ಕಡಿಮೆಯಾಗಿದ್ದರೆ LO ಎಂದು ಬರುತ್ತದೆ. HI ಬಂದರೆ ಬೆರಳನ್ನು ತೊಳೆದು ಒರಸಿ ಇನ್ನೊಮ್ಮೆ ನೋಡಿರಿ, ಯಾಕಂದರೆ ಬೆರಳಿಗೆ ಅಂಟಿದ ಬೆಲ್ಲವೋ ಹಣ್ಣಿನ ರಸವೋ ಅಳತೆಯನ್ನು ಕೆಡಿಸಬಲ್ಲದು. ಎರಡನೆಯ ಸಾರಿಯೂ HI ಬಂದರೆ ಅದು ಯಂತ್ರದ ದೋಷವಲ್ಲ, ಹೊರಡುವದಕ್ಕೆ ಅಪ್ಪಣೆ.

ಇಲ್ಲಿ ಒಂದು ಎಚ್ಚರಿಕೆ. ಸಕ್ಕರೆ ತೀರಾ ಇಳಿದರೂ ಮನುಷ್ಯನು ಮಂಕಾಗುವನು. ಆದರೆ ಅದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿಯೇ ಬರುವದು, ಬೆವರು, ನಡುಕ, ಹಸಿವು ಇರುವವು, ನಾಲಿಗೆ ಒಣಗಿರುವದಿಲ್ಲ. ಮೀಟರ್ ಇದ್ದರೆ ಮೊದಲು ಅಳೆಯಿರಿ. ಅಳೆಯುವ ಉಪಾಯವೇ ಇಲ್ಲದೆ, ಮಾತ್ರೆ ಅಥವಾ ಇನ್ಸುಲಿನ್ ತಕ್ಕೊಂಡವನು ಫಕ್ಕನೆ ಬೆವತು ಮಂಕಾದರೆ, ನುಂಗುವ ಶಕ್ತಿ ಇರುವವನಿಗೆ ಒಂದು ಸಾರಿ ಸಕ್ಕರೆ ನೀರು ಕೊಡಬಹುದು. ಸಕ್ಕರೆ ಹೆಚ್ಚಾಗಿರುವವನಿಗೆ ಅಷ್ಟರಿಂದ ಆಗುವ ಕೇಡು ಅಲ್ಪ, ಸಕ್ಕರೆ ಇಳಿದವನಿಗೆ ಕೊಡದಿದ್ದರೆ ಆಗುವ ಕೇಡು ದೊಡ್ಡದು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುವದು. ಕೈ ಸೋತದ್ದು ಪಾರ್ಶ್ವವಾಯುವಿನಿಂದಲೋ ಈ ಮಂಪರಿನಿಂದಲೋ ಎಂಬದನ್ನು ಮನೆಯಲ್ಲಿ ನಿರ್ಣಯಿಸಲಾಗದು. ಎರಡಕ್ಕೂ ದಾರಿ ಒಂದೇ, ಆಸ್ಪತ್ರೆ.

ಆಸ್ಪತ್ರೆಯಲ್ಲಿ

ಭದ್ರಾವತಿಯಲ್ಲಿ ತಾಲೂಕು ಆಸ್ಪತ್ರೆಯೂ, ಶಿವಮೊಗ್ಗದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯೂ ಉಂಟು. ದೃಷ್ಟಾಂತದ ಹಿರಿಯನ ರಕ್ತವನ್ನು ಪರೀಕ್ಷಿಸಿದಾಗ ಸಕ್ಕರೆ 864, ಸೋಡಿಯಂ ಎಂಬ ಉಪ್ಪು 146 ಇತ್ತೆಂದು ಇಟ್ಟುಕೊಳ್ಳೋಣ. ರಕ್ತದ ಸಾಂದ್ರತೆಯನ್ನು ವೈದ್ಯರು ಹೀಗೆ ಲೆಕ್ಕಹಾಕುತ್ತಾರೆ: ಸೋಡಿಯಮನ್ನು ಇಮ್ಮಡಿಮಾಡಿ, ಸಕ್ಕರೆಯನ್ನು 18 ರಿಂದ ಭಾಗಿಸಿ, ಎರಡನ್ನೂ ಕೂಡಿಸುವದು. ಆರೋಗ್ಯವಂತನಲ್ಲಿ ಸೋಡಿಯಂ 140, ಸಕ್ಕರೆ 90 ಆಗಿದ್ದರೆ 280 ಮತ್ತು 5, ಒಟ್ಟು 285. ಈ ಹಿರಿಯನಲ್ಲಿ 292 ಮತ್ತು 48, ಒಟ್ಟು 340. ಅಮೇರಿಕ ಮತ್ತು ಯುರೋಪಿನ ಮಧುಮೇಹತಜ್ಞರು 2024ರಲ್ಲಿ ಪ್ರಕಟಿಸಿದ ನಿರ್ಣಯದ ಪ್ರಕಾರ ಸಕ್ಕರೆ 600ಕ್ಕೆ ಕಡಿಮೆಯಿಲ್ಲದೆ, ಈ ಲೆಕ್ಕವು 300ನ್ನು ಮೀರಿ, ರಕ್ತದಲ್ಲಿ ಕೀಟೋನೂ ಆಮ್ಲವೂ ಹೆಚ್ಚಾಗಿಲ್ಲದಿದ್ದರೆ ಅದು ಈ ರೋಗವೇ.

ಇಂಥ ರೋಗಿಯು ದೇಹತೂಕದ ಕಿಲೋ ಒಂದಕ್ಕೆ 100ರಿಂದ 220 ಮಿಲಿಲೀಟರ್ ನೀರನ್ನು ಕಳಕೊಂಡಿರಬಹುದು. 55 ಕಿಲೋ ತೂಕದವನಿಗೆ ಇದು ಐದೂವರೆಯಿಂದ ಹನ್ನೆರಡು ಲೀಟರ್ ಆಗುವದು. ಆದದರಿಂದ ಮೊದಲನೆಯ ಚಿಕಿತ್ಸೆಯು ರಕ್ತನಾಳದಲ್ಲಿ ಉಪ್ಪುನೀರು ಹನಿಸುವದೇ. ಅದರಿಂದಲೇ ಸಕ್ಕರೆಯು ಇಳಿಯತೊಡಗುವದು. ಇನ್ಸುಲಿನನ್ನು ಸ್ವಲ್ಪಸ್ವಲ್ಪವಾಗಿ, ಪೊಟಾಸಿಯಂ ಎಂಬ ಉಪ್ಪನ್ನು ನೋಡಿಕೊಂಡು ಕೊಡುತ್ತಾರೆ. ಸೋಂಕಿಗೂ ಮದ್ದು ಮಾಡುತ್ತಾರೆ. ಆತುರಪಡುವದಿಲ್ಲ, ಯಾಕಂದರೆ ದಿನಗಟ್ಟಲೆ ಒಣಗಿದ ಮೆದುಳಿಗೆ ಒಮ್ಮೆಲೇ ನೀರು ನುಗ್ಗಿದರೆ ಅದು ಊದಿಕೊಳ್ಳಬಹುದು. ಸಾಂದ್ರವಾದ ರಕ್ತವು ಹೆಪ್ಪುಗಟ್ಟುವ ಭಯವೂ ಉಂಟು. ಮನೆಯಲ್ಲಿಯೇ ಇನ್ಸುಲಿನನ್ನು ಹೆಚ್ಚಾಗಿ ಚುಚ್ಚಿ ಸಕ್ಕರೆಯನ್ನು ಇಳಿಸುವೆವೆಂಬ ಯತ್ನವು ಯಾಕೆ ತಪ್ಪೆಂಬದು ಇದರಿಂದ ತಿಳಿಯುವದು: ನೀರು ತುಂಬದೆ ಸಕ್ಕರೆಯು ಮಾತ್ರ ಫಕ್ಕನೆ ಕಣಗಳೊಳಗೆ ಹೋದರೆ, ನೀರೂ ಅದರ ಹಿಂದೆ ಹೋಗಿ ರಕ್ತದೊತ್ತಡವು ಕುಸಿಯುವದು.

ಸೋಮವಾರವೇ ಮಾಡಬೇಕಾದದ್ದು

ಆ ಮನೆಯಲ್ಲಿ ಏನು ಮಾಡಿದ್ದರೆ ಭಾನುವಾರದ ಸಂಕಟವು ತಪ್ಪುತ್ತಿತ್ತು? ಮಧುಮೇಹವುಳ್ಳ ವೃದ್ಧರಿಗೆ ಜ್ವರವೋ ಉರಿಮೂತ್ರವೋ ಬಂದ ದಿನದಿಂದ ಸಕ್ಕರೆಯನ್ನು ದಿನಕ್ಕೆ ಎರಡು ಸಾರಿಯಾದರೂ ಅಳೆದು ಕಾಗದದಲ್ಲಿ ಬರೆದಿಡತಕ್ಕದ್ದು. ಎರಡು ಸಾರಿ 300ಕ್ಕೆ ಮೇಲ್ಪಟ್ಟು ಬಂದರೆ ಅಂದೇ ವೈದ್ಯರಿಗೆ ತಿಳಿಸತಕ್ಕದ್ದು. ಬಾಯಾರಿಕೆ ಇರಲಿ ಇಲ್ಲದಿರಲಿ, ಎಚ್ಚರವಾಗಿರುವಾಗ ಗಂಟೆಗೊಮ್ಮೆ ಸಕ್ಕರೆಯಿಲ್ಲದ ನೀರನ್ನೋ ತಿಳಿಮಜ್ಜಿಗೆಯನ್ನೋ ಕೈಗೆ ಕೊಟ್ಟು ಕುಡಿಸತಕ್ಕದ್ದು. ಹೃದಯದ ಅಥವಾ ಮೂತ್ರಪಿಂಡದ ರೋಗವಿದ್ದು ನೀರಿಗೆ ಮಿತಿ ಹೇಳಿದ್ದರೆ ವೈದ್ಯರನ್ನು ಕೇಳಿ ನಡೆಯಿರಿ. ಯಾವ ಮಾತ್ರೆಯನ್ನು ನಿಲ್ಲಿಸಬೇಕು, ಯಾವದನ್ನು ಮುಂದುವರಿಸಬೇಕೆಂಬದನ್ನೂ ಅವರನ್ನೇ ಕೇಳಿರಿ. ಮಗನು ನಿಲ್ಲಿಸಿದ್ದು ಬೇಕಾದ ಮಾತ್ರೆಯನ್ನು, ಕೊಡುತ್ತಾ ಬಂದದ್ದು ನೀರು ಕಳೆಯುವ ಮಾತ್ರೆಯನ್ನು. ರಾತ್ರಿಯಲ್ಲಿ ಮಂಚದ ಬಳಿಯಲ್ಲಿ ಮೂತ್ರದ ಪಾತ್ರೆಯನ್ನೂ ಒಂದು ದೀಪವನ್ನೂ ಇಟ್ಟರೆ ಹಿರಿಯರು ನೀರಿಗೆ ಅಂಜುವದಿಲ್ಲ.

ನೆನಪಿಗಾಗಿ ಪ್ರಶ್ನೆಗಳು

1. ಊಟಮಾಡದ ರೋಗಿಯ ಸಕ್ಕರೆಯು ಯಾಕೆ ಏರುತ್ತದೆ?

2. ಹೆಚ್ಚಾಗಿದ್ದ ಮೂತ್ರವು ಕಡಿಮೆಯಾಗಿ ರೋಗಿಯು ಮಂಕಾದರೆ ಅದು ಏನನ್ನು ಸೂಚಿಸುತ್ತದೆ?

3. ಯಂತ್ರದಲ್ಲಿ HI ಎಂದು ಎರಡು ಸಾರಿ ಬಂದರೆ ಏನು ಮಾಡಬೇಕು?

4. ನಿಮ್ಮ ಮನೆಯಲ್ಲಿಯೂ ನೆರೆಯಲ್ಲಿಯೂ ಸಕ್ಕರೆ ಕಾಯಿಲೆಯುಳ್ಳ ವೃದ್ಧರು ಯಾರಿದ್ದಾರೆ? ನಿನ್ನೆ ಅವರು ಎಷ್ಟು ನೀರು ಕುಡಿದರೆಂದು ಯಾರು ಬಲ್ಲರು?